ಬೀಟೆ ಪೆಟ್ಟಿಗೆಗೆ ಬೆಲೆ ಕಟ್ಟುವ ಕಾಗದ

ಮಲೆನಾಡಿನ ಒಂದು ಮನೆಯಲ್ಲಿ ಅಜ್ಜನ ಕಾಲದ ಬೀಟೆ ಪೆಟ್ಟಿಗೆ ಇದೆ ಎಂದುಕೊಳ್ಳಿ. ಮುಂಭಾಗದ ತುಂಬ ಬಳ್ಳಿ ಕೆತ್ತನೆ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ, ಎರಡು ಪಕ್ಕಕ್ಕೂ ಎತ್ತುವ ಹಿಡಿಕೆ. ಮನೆಯವರು ಅದಕ್ಕೆ ವಿಮೆ ಮಾಡಿಸಲು ಹೊರಟಾಗ ಅವರ ಮುಂದೆ ಎರಡು ಕಾಗದಗಳು ಬರಬಹುದು. ಒಂದು, ಹಳೆಯ ಸಾಮಾನು ಮಾರುವ ಅಂಗಡಿಯವರು ತಮ್ಮ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟ ಒಂದೇ ಸಾಲು: ‘ಹಳೆಯ ಬೀಟೆ ಪೆಟ್ಟಿಗೆ ಒಂದು, ಬೆಲೆ ₹2,70,000.’ ಇನ್ನೊಂದು, ಮೌಲ್ಯಮಾಪಕರು ಅರ್ಧ ದಿನ ಪೆಟ್ಟಿಗೆಯ ಸುತ್ತ ಕೂತು, ಮಲಗಿ, ಅಳೆದು ಬರೆದ ನಾಲ್ಕು ಪುಟ. ಅದರಲ್ಲೂ ಕೊನೆಗೆ ಇರುವುದು ಅದೇ ₹2,70,000.

ಪ್ರೀಮಿಯಂ ಕಟ್ಟುವ ದಿನ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ಗೊತ್ತಾಗುವುದು ಕ್ಲೇಮ್ ಹಾಕುವ ದಿನ. ಆಗ ಪೆಟ್ಟಿಗೆ ಸುಟ್ಟಿರುತ್ತದೆ, ಕೊಚ್ಚಿಹೋಗಿರುತ್ತದೆ, ಇಲ್ಲವೇ ಅರ್ಧ ಹಾಳಾಗಿ ನಿಂತಿರುತ್ತದೆ. ವಿಮಾ ಕಂಪನಿ ಕಳಿಸಿದ ಸರ್ವೇಯರ್ ಆ ಪೆಟ್ಟಿಗೆಯನ್ನು ಮೊದಲು ನೋಡಿದವರೇ ಅಲ್ಲ. ಹೋದದ್ದು ಏನು, ಅದು ಹೇಗಿತ್ತು ಎಂಬುದನ್ನು ಅವರು ಕಾಗದದಿಂದಲೇ ತಿಳಿಯಬೇಕು. ಹಾಗಾಗಿ ಮೌಲ್ಯಮಾಪನ ವರದಿಯಲ್ಲಿ ಬೆಲೆ ಕೊನೆಯ ಸಾಲು ಮಾತ್ರ. ಆ ಸಾಲನ್ನು ಎತ್ತಿ ನಿಲ್ಲಿಸುವುದು ಅದರ ಮೇಲಿನ ವಿವರಗಳು. ವರದಿಯ ಒಂದೊಂದೇ ಭಾಗ ತೆಗೆದುಕೊಂಡು ನೋಡೋಣ. ಪೆಟ್ಟಿಗೆಯೂ ಅದರ ಅಂಕಿಗಳೂ ವಿಷಯ ಬಿಡಿಸಲು ಕಟ್ಟಿಕೊಂಡ ಉದಾಹರಣೆ. ಕೆಲಸದ ಕ್ರಮ ಮಾತ್ರ ನಿಜವಾಗಿ ನಡೆಯುವಂಥದ್ದೇ.

ವಿಮೆಗೆ ಈ ಕಾಗದ ಯಾಕೆ ಬೇಕು

ನಮ್ಮ ದೇಶದಲ್ಲಿ 2021ರ ಏಪ್ರಿಲ್ 1ರಿಂದ ಮನೆ ವಿಮೆಗೆ ‘ಭಾರತ್ ಗೃಹ ರಕ್ಷಾ’ ಎಂಬ ಒಂದೇ ಮಾದರಿಯ ಪಾಲಿಸಿ ಇದೆ. ಸಾಮಾನ್ಯ ವಿಮೆ ಮಾಡುವ ಕಂಪನಿಗಳೆಲ್ಲ ಇದನ್ನು ಕೊಡುತ್ತವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯೊಳಗಿನ ಸಾಮಾನಿಗೂ ಒಂದು ಮೊತ್ತ ತಾನಾಗಿಯೇ ಸೇರುತ್ತದೆ: ಕಟ್ಟಡದ ಮೊತ್ತದ ಶೇ. 20, ಹೆಚ್ಚೆಂದರೆ ₹10 ಲಕ್ಷ. ಆದರೆ ಇದು ಮಂಚ, ಫ್ರಿಜ್, ಬೀರುವಿನಂಥ ಸಾಮಾನ್ಯ ವಸ್ತುಗಳಿಗೆ. ಒಡವೆ, ಚಿತ್ರಕಲೆ, ಪುರಾತನ ವಸ್ತುಗಳು ‘ಬೆಲೆಬಾಳುವ ವಸ್ತು’ಗಳ ಬೇರೆ ಪಟ್ಟಿಗೆ ಹೋಗುತ್ತವೆ. ಅವಕ್ಕೆ ಬೇಕೆಂದು ಕೇಳಿ, ಹೆಚ್ಚಿನ ಪ್ರೀಮಿಯಂ ಕೊಟ್ಟು ರಕ್ಷಣೆ ಪಡೆಯಬೇಕು.

ಈ ರಕ್ಷಣೆ ಕೊಡುವುದು ‘ಒಪ್ಪಿತ ಮೌಲ್ಯ’ದ ಮೇಲೆ. ಅಂದರೆ ವಸ್ತುವಿನ ಬೆಲೆ ಇಷ್ಟು ಎಂದು ಎರಡೂ ಕಡೆಯವರು ಮೊದಲೇ ಒಪ್ಪಿಕೊಳ್ಳುತ್ತಾರೆ. ಪೂರ್ತಿ ಹಾಳಾದರೆ ಆ ಮೊತ್ತ ಸಿಗುತ್ತದೆ. ಹಳತಾಯಿತೆಂದು ಸವಕಳಿ ಕಳೆಯುವ ಮಾತಿಲ್ಲ. ಒಪ್ಪಬೇಕಾದರೆ ಆಧಾರ ಬೇಕಲ್ಲ, ಅದಕ್ಕಾಗಿಯೇ ಮೌಲ್ಯಮಾಪನ ಪ್ರಮಾಣಪತ್ರ ಕೇಳುತ್ತಾರೆ. ಬೆಲೆಬಾಳುವ ವಸ್ತುಗಳ ಒಟ್ಟು ಮೊತ್ತ ₹5 ಲಕ್ಷದೊಳಗಿದ್ದು, ಯಾವ ಒಂದು ವಸ್ತುವೂ ₹1 ಲಕ್ಷ ದಾಟದಿದ್ದರೆ ಪ್ರಮಾಣಪತ್ರಕ್ಕೆ ವಿನಾಯಿತಿ ಇದೆ. ನಮ್ಮ ಪೆಟ್ಟಿಗೆ ಒಂದೇ ಆ ಗಡಿ ದಾಟುತ್ತದೆ.

ಮೊದಲ ಪುಟ: ಯಾವ ಬೆಲೆ, ಯಾವ ದಿನದ್ದು

ವರದಿಯ ಮೊದಲ ಪುಟದಲ್ಲಿ ಮೂರು ಸಂಗತಿ ಇರಲೇಬೇಕು: ಯಾವ ಉದ್ದೇಶಕ್ಕೆ ಬೆಲೆ ಕಟ್ಟಿದ್ದು, ಪೆಟ್ಟಿಗೆಯನ್ನು ಕಣ್ಣಾರೆ ನೋಡಿದ ದಿನಾಂಕ, ಹೇಳುತ್ತಿರುವುದು ಯಾವ ಬಗೆಯ ಬೆಲೆ.

ಒಂದೇ ಪೆಟ್ಟಿಗೆಗೆ ಒಂದಕ್ಕಿಂತ ಹೆಚ್ಚು ಬೆಲೆ ಇರುವುದು ಸುಳ್ಳೂ ಅಲ್ಲ, ಮೋಸವೂ ಅಲ್ಲ. ಮನೆಯವರು ಇವತ್ತು ಮಾರಲು ಹೋದರೆ ವ್ಯಾಪಾರಿ ತನ್ನ ಲಾಭ, ಸಾಗಣೆ, ಅಂಗಡಿ ಬಾಡಿಗೆ ಕಳೆದು ಒಂದೂವರೆ ಲಕ್ಷ ಕೊಟ್ಟಾನು. ಅಂಥದ್ದೇ ಪೆಟ್ಟಿಗೆ ಬೇಕೆಂದು ಅದೇ ವ್ಯಾಪಾರಿಯ ಬಳಿ ಹೋದರೆ ₹2,70,000 ಕೇಳುತ್ತಾನೆ. ಆಸ್ತಿ ಪಾಲು ಮಾಡುವಾಗ ಅಣ್ಣತಮ್ಮಂದಿರಿಗೆ ಬೇಕಾದದ್ದು ಮೊದಲನೆಯದಕ್ಕೆ ಹತ್ತಿರದ ಬೆಲೆ. ವಿಮೆಗೆ ಬೇಕಾದದ್ದು ಎರಡನೆಯದು, ಅಂದರೆ ಮರುಖರೀದಿ ಬೆಲೆ: ಅದೇ ಮರ, ಅದೇ ಕಾಲ, ಅದೇ ಗುಣಮಟ್ಟದ ಇನ್ನೊಂದನ್ನು ಸರಿಯಾದ ಮಾರುಕಟ್ಟೆಯಲ್ಲಿ ಕೊಳ್ಳಲು ತಗಲುವ ಹಣ. ಪಾಲುಪಟ್ಟಿಗೆಂದು ಮಾಡಿಸಿದ ಹಳೆಯ ವರದಿಯನ್ನು ವಿಮೆಗೆ ಲಗತ್ತಿಸಿದವರು ಅರ್ಧ ಮೊತ್ತಕ್ಕೇ ವಿಮೆ ಮಾಡಿಸಿಕೊಂಡಂತಾಗುತ್ತದೆ. ಹಾಗೆಂದು ಬಾಯಿಗೆ ಬಂದಷ್ಟು ಏರಿಸಿ ಬರೆಸಿಕೊಂಡರೂ ಲಾಭವಿಲ್ಲ. ಪ್ರತಿವರ್ಷ ಹೆಚ್ಚು ಪ್ರೀಮಿಯಂ ಕಟ್ಟುವುದಲ್ಲದೆ, ಕ್ಲೇಮ್ ಬಂದಾಗ ಬೆಲೆಯ ಬುಡವನ್ನೇ ಕೆದಕಲು ಕಂಪನಿಗೆ ಕಾರಣ ಕೊಟ್ಟಂತೆ.

ಅಳತೆ: ಟೇಪು ಹೇಳುವ ಗುಟ್ಟು

‘ಸುಮಾರು ಮೂರೂವರೆ ಅಡಿ ಉದ್ದ’ ಎಂದು ಬರೆದರೆ ಆ ವಿವರ ಊರಿನ ಅರ್ಧ ಪೆಟ್ಟಿಗೆಗಳಿಗೆ ಹೊಂದುತ್ತದೆ. ವರದಿಯಲ್ಲಿ ಅಳತೆ ಸೆಂಟಿಮೀಟರಿನಲ್ಲಿ, ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂಬುದರ ಸಮೇತ ಇರುತ್ತದೆ. ನಮ್ಮ ಪೆಟ್ಟಿಗೆಯ ಮುಚ್ಚಳ 112 ಸೆಂ.ಮೀ. ಉದ್ದ, 57 ಸೆಂ.ಮೀ. ಅಗಲ. ಮುಚ್ಚಳದ ಕೆಳಗಿನ ಒಡಲು 108ಕ್ಕೆ 53. ಕಾಲುಗಳೂ ಸೇರಿ ಎತ್ತರ 60. ಕಾಲು 8, ಮುಚ್ಚಳದ ದಪ್ಪ 3, ಪಕ್ಕದ ಹಲಗೆಗಳ ದಪ್ಪ ಎರಡೂವರೆ. ಒಳಗೆ ಅಳೆದರೆ 103 ಉದ್ದ, 48 ಅಗಲ, 47 ಆಳ.

ಹೊರಗಿನ ಅಳತೆ ಒಳಗಿನದಕ್ಕೆ ತಾಳೆಯಾಗಬೇಕು. 60ರಲ್ಲಿ ಕಾಲಿನ 8, ಮುಚ್ಚಳದ 3 ಕಳೆದರೆ 49 ಉಳಿಯುತ್ತದೆ. ಒಳಗಿನ ಆಳ 47. ಹಾಗಾದರೆ ತಳದ ಹಲಗೆ 2 ಸೆಂ.ಮೀ. ದಪ್ಪ. ಇದು ಸರಿ. ಒಳಗೆ 40 ಮಾತ್ರ ಸಿಕ್ಕಿದ್ದರೆ ಎರಡರಲ್ಲಿ ಒಂದು: ತಳದಲ್ಲಿ ಕಳ್ಳಖಾನೆ ಇದೆ, ಇಲ್ಲವೇ ಕೊಳೆತ ತಳದ ಮೇಲೆ ಯಾರೋ ಇನ್ನೊಂದು ಹಲಗೆ ಹೊಡೆದಿದ್ದಾರೆ. ಮೊದಲನೆಯದು ಬೆಲೆ ಏರಿಸೀತು, ಎರಡನೆಯದು ಇಳಿಸುತ್ತದೆ.

ತೂಕವೂ ಹೀಗೆಯೇ ಸಾಕ್ಷಿ ಹೇಳುತ್ತದೆ. ಮೇಲಿನ ಅಳತೆಯಿಂದ ಲೆಕ್ಕ ಹಾಕಿದರೆ ಇದರಲ್ಲಿ ಸುಮಾರು 0.067 ಘನ ಮೀಟರ್ ಮರ ಇದೆ. ಒಣಗಿದ ಬೀಟೆ ಘನ ಮೀಟರಿಗೆ ಸುಮಾರು 800ರಿಂದ 850 ಕಿಲೋ ತೂಗುತ್ತದೆ. ತೇಗ ಸುಮಾರು 650. ಬೀಟೆಯಾದರೆ ಮರವೇ 56 ಕಿಲೋ ಆಸುಪಾಸು, ಹಿತ್ತಾಳೆ, ಬೀಗ ಸೇರಿ 60. ತೇಗಕ್ಕೆ ಬಣ್ಣ ಹಚ್ಚಿದ್ದಾದರೆ 48ರ ಹತ್ತಿರ ನಿಲ್ಲುತ್ತಿತ್ತು. ಪೆಟ್ಟಿಗೆ ತೂಗಿದಾಗ 59 ಬಂತು ಅಂದರೆ ತೇಗವಲ್ಲ ಎಂದು ಹೇಳಬಹುದು, ಆದರೆ ಬೀಟೆಯೇ ಎಂದು ಸಾಧಿಸಿದಂತಾಗಲಿಲ್ಲ. ಉತ್ತರ ಭಾರತದ ಶೀಶಮ್ ಕೂಡ ಇದರ ದಾಯಾದಿಯೇ, ತೂಕದಲ್ಲಿ ಹೆಚ್ಚು ಹಿಂದಿಲ್ಲ. ಅದಕ್ಕೆ ಮರವನ್ನೇ ನೋಡಬೇಕು.

ಮರ ಮತ್ತು ವಯಸ್ಸು

ಬೀಟೆಯ ಸಸ್ಯಶಾಸ್ತ್ರದ ಹೆಸರು ಡಾಲ್ಬರ್ಜಿಯಾ ಲ್ಯಾಟಿಫೋಲಿಯಾ. ಪಶ್ಚಿಮ ಘಟ್ಟದ ಈ ಮರದ ಚೇಗು ಕಂದಿನಿಂದ ನೇರಳೆಗಪ್ಪಿನವರೆಗೆ ಇರುತ್ತದೆ, ನಡುವೆ ಕಪ್ಪು ಗೆರೆಗಳು ಓಡುತ್ತವೆ. 19ನೇ ಶತಮಾನದಲ್ಲಿ ಮುಂಬಯಿಯ ಕುಶಲಕರ್ಮಿಗಳು ಯುರೋಪಿನವರಿಗೆಂದು ತುಂಬ ಕೆತ್ತನೆಯ ಪೀಠೋಪಕರಣ ಮಾಡುತ್ತಿದ್ದುದೂ ಈ ಮರದಲ್ಲೇ. ಅದನ್ನು ಮಾರುಕಟ್ಟೆಯಲ್ಲಿ ಬ್ಲ್ಯಾಕ್‌ವುಡ್ ಎನ್ನುತ್ತಾರೆ. ಹಳೆಯ ಪಾಲಿಶ್ ಮತ್ತು ಹೊಗೆ ಕೂತ ಮೇಲ್ಮೈಯಲ್ಲಿ ಎಲ್ಲ ಮರವೂ ಕಪ್ಪೇ. ಆದ್ದರಿಂದ ಮೌಲ್ಯಮಾಪಕರು ಪೆಟ್ಟಿಗೆಯ ತಳಭಾಗಕ್ಕೆ, ಬೀಗದ ತಟ್ಟೆಯ ಹಿಂಬದಿಗೆ, ಹಲಗೆಯ ಕೊಯ್ದ ತುದಿಗೆ ಹೋಗುತ್ತಾರೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಹಿಡಿದು ಅಲ್ಲಿನ ರಂಧ್ರ, ಗೆರೆಗಳ ಜೋಡಣೆ ನೋಡುತ್ತಾರೆ. ಅನುಮಾನ ಉಳಿದರೆ ‘ಬೀಟೆ’ ಎಂದು ಬರೆಯುವ ಬದಲು ‘ನೋಟಕ್ಕೆ ಬೀಟೆ, ಪ್ರಯೋಗಾಲಯದ ಪರೀಕ್ಷೆ ಮಾಡಿಸಿಲ್ಲ’ ಎಂದು ಬರೆಯುವುದು ಪ್ರಾಮಾಣಿಕ ವರದಿಯ ಲಕ್ಷಣ.

ವಯಸ್ಸನ್ನು ಹೇಳುವುದು ಹೆಚ್ಚಾಗಿ ಕಬ್ಬಿಣ, ಹಿತ್ತಾಳೆ. ಚೂಪು ಮೂತಿಯ ಯಂತ್ರದ ತಿರುಪು ಮೊಳೆ ಬಳಕೆಗೆ ಬಂದದ್ದು 19ನೇ ಶತಮಾನದ ನಡುಭಾಗದಿಂದ ಈಚೆಗೆ. ಅದಕ್ಕೆ ಮುಂಚಿನವುಗಳ ತುದಿ ಮೊಂಡು. ತಲೆಯ ಮೇಲೆ ಕೂಡುಗೆರೆ ಇರುವ ತಿರುಪು 1930ರ ದಶಕದ್ದು. ಬಿಜಾಗರಿಯಲ್ಲಿ ಕೂಡುಗೆರೆಯ ತಿರುಪು ಸಿಕ್ಕಿತೆಂದರೆ ಪೆಟ್ಟಿಗೆಯೇ ಹೊಸದು ಎಂದರ್ಥವಲ್ಲ. ತಿರುಪಿನ ಪಕ್ಕದಲ್ಲಿ ಹಳೆಯ ತೂತು ಮುಚ್ಚಿದ ಗುರುತಿದ್ದರೆ ಬಿಜಾಗರಿ ಬದಲಾಗಿದೆ. ಹಳೆಯ ತೂತೇ ಇಲ್ಲದಿದ್ದರೆ ಮಾತ್ರ ಪೆಟ್ಟಿಗೆಯ ವಯಸ್ಸನ್ನೇ ಪ್ರಶ್ನಿಸಬೇಕು.

ಕೆತ್ತನೆಯ ಪೆಟ್ಟಿಗೆಯಲ್ಲಿ ಇನ್ನೊಂದು ದೊಡ್ಡ ಅನುಮಾನವಿದೆ. ಪೆಟ್ಟಿಗೆ ನಿಜಕ್ಕೂ ಹಳೆಯದು, ಆದರೆ ಕೆತ್ತನೆ ಇತ್ತೀಚಿನದು. ಸಾದಾ ಪೆಟ್ಟಿಗೆಗಿಂತ ಕೆತ್ತನೆಯದ್ದಕ್ಕೆ ಹೆಚ್ಚು ಹಣ ಬರುವುದರಿಂದ ಹಳೆಯ ಸಾದಾ ಹಲಗೆಗೆ ಹೊಸದಾಗಿ ಉಳಿ ಹಾಕಿಸುವವರಿದ್ದಾರೆ. ಮೊದಲೇ ಯೋಚಿಸಿ ಕೆತ್ತುವ ಆಚಾರಿ ಬೀಗದ ತಟ್ಟೆಗೆ, ಮೂಲೆಪಟ್ಟಿಗೆ ಜಾಗ ಬಿಟ್ಟು ಬಳ್ಳಿ ಎಳೆಯುತ್ತಾನೆ. ಆಮೇಲೆ ಕೆತ್ತಿದವನ ಬಳ್ಳಿ ಹಿತ್ತಾಳೆಯ ಅಂಚಿಗೆ ಬಂದು ತಟಕ್ಕನೆ ನಿಲ್ಲುತ್ತದೆ, ಇಲ್ಲವೇ ಹಳೆಯ ಗೀರೊಂದನ್ನು ನಡುವೆ ಕತ್ತರಿಸಿಕೊಂಡು ಹೋಗುತ್ತದೆ. ಹಳೆಯ ಕೆತ್ತನೆಯಲ್ಲಿ ಕೈ ತಾಗುವ ಉಬ್ಬುಗಳು ಸವೆದು ನುಣುಪಾಗಿರುತ್ತವೆ, ಕೈ ತಾಗದ ತಗ್ಗುಗಳಲ್ಲಿ ಉಳಿಯ ಗುರುತು ಇನ್ನೂ ಚೂಪಾಗಿರುತ್ತದೆ. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಮರಳು ಕಾಗದದ ಕೆಲಸ.

ಸ್ಥಿತಿಯ ಟಿಪ್ಪಣಿ

ವರದಿಯ ಜೀವ ಇರುವುದು ಈ ಭಾಗದಲ್ಲಿ. ‘ವಯಸ್ಸಿಗೆ ತಕ್ಕ ಸ್ಥಿತಿ’ ಎಂಬ ಒಂದು ಮಾತಿನಲ್ಲಿ ಮುಗಿಸಿದ ವರದಿಯನ್ನು ವಾಪಸ್ ಕೊಟ್ಟು ಇನ್ನೊಮ್ಮೆ ಬರೆಸಬೇಕು. ನಮ್ಮ ಪೆಟ್ಟಿಗೆಯ ಟಿಪ್ಪಣಿ ಹೀಗಿರಬೇಕು:

‘ಮುಚ್ಚಳ: ಒಂದೇ ಹಲಗೆ. ಎಡತುದಿಯಿಂದ ಮರದ ಎಳೆಯ ಗುಂಟ 31 ಸೆಂ.ಮೀ. ಸೀಳು, ಬಾಯಿಯಲ್ಲಿ 2 ಮಿ.ಮೀ. ಅಗಲ. ಸೀಳಿನ ಒಳಗೆ ಹಳೆಯ ಧೂಳು ಕೂತಿದೆ, ಹೊಸದಲ್ಲ. ನೋಡಿದ್ದು ಏಪ್ರಿಲ್‌ನಲ್ಲಿ, ಮರದ ತೇವಾಂಶ ಶೇ. 11.

ಹಿಂಬದಿ, ಬಲ ಕೆಳಮೂಲೆ: 14 ಸೆಂ.ಮೀ. ಉದ್ದದ ಬಿಳಿ ಮರದ ಪಟ್ಟಿಯಲ್ಲಿ ಒಂದೂವರೆ ಮಿ.ಮೀ.ನ 23 ಕುಟ್ಟೆ ತೂತು. ಕರಿ ಕಾಗದ ಹಾಸಿ ಮೂರು ವಾರ ಬಿಟ್ಟು ನೋಡಿದಾಗ ಹೊಸ ಹಿಟ್ಟು ಬಿದ್ದಿಲ್ಲ.

ಮುಂಭಾಗದ ಕೆತ್ತನೆ: ಎಡಗಡೆಯ ಗಿಳಿಯ ಕೊಕ್ಕಿನ ತುದಿ ಇಲ್ಲ, 6 ಮಿ.ಮೀ. ಬೇರೆ ನಷ್ಟವಿಲ್ಲ.

ಬಿಜಾಗರಿ: ಎರಡೂ ಆಮೇಲೆ ಹಾಕಿದವು. ಬೀಗ ಮೊದಲಿನದೇ, ಕೆಲಸ ಮಾಡುತ್ತದೆ, ಕೀಲಿ ಹೊಸದು.’

ಇದರಲ್ಲಿ ಒಂದೊಂದು ವಿವರಕ್ಕೂ ಕಾರಣವಿದೆ. ಮರ ಅಡ್ಡಲಾಗಿ ಹಿಗ್ಗಿ ಕುಗ್ಗುವ ವಸ್ತು. ಬೇಸಿಗೆಯಲ್ಲಿ 2 ಮಿ.ಮೀ. ಬಾಯಿ ಬಿಟ್ಟ ಸೀಳು ಮಲೆನಾಡಿನ ಆಷಾಢದಲ್ಲಿ ಕೂದಲೆಳೆಯಷ್ಟಾಗುತ್ತದೆ. ತಿಂಗಳು ಮತ್ತು ತೇವಾಂಶ ಬರೆಯದಿದ್ದರೆ, ಮಳೆಗಾಲದಲ್ಲಿ ನೋಡಿದವರು ‘ಸೀಳೇ ಇಲ್ಲ’ ಎನ್ನಬಹುದು. ಮುಂದಿನ ಬೇಸಿಗೆಯಲ್ಲಿ ನೋಡಿದವರು ‘ಇದು ಹೊಸ ಹಾನಿ’ ಎನ್ನಬಹುದು.

ಕುಟ್ಟೆ ತೂತಿನ ವಿಷಯ ಇನ್ನೂ ಸೂಕ್ಷ್ಮ. ಈ ಹುಳು ತಿನ್ನುವುದು ಹೊರಪದರದ ಬಿಳಿ ಮರವನ್ನು. ಬೀಟೆಯ ಚೇಗು ಅದಕ್ಕೆ ಸುಲಭಕ್ಕೆ ದಕ್ಕುವುದಿಲ್ಲ. ತೂತು ಬಿಳಿ ಪಟ್ಟಿಗೆ ಸೀಮಿತವಾಗಿದ್ದರೆ ಅದು ಮರ ಬೀಟೆಯೇ ಎಂಬ ಮಾತಿಗೆ ಬಲ ಕೊಡುತ್ತದೆ. ಕಪ್ಪಾಗಿ ಕಾಣುವ ಹಲಗೆಯ ತುಂಬ ತೂತಿದ್ದರೆ ಅಲ್ಲಿರುವುದು ಬಣ್ಣ ಬಳಿದ ಅಗ್ಗದ ಮರ ಇರಬಹುದು. ಕರಿ ಕಾಗದ ಹಾಸುವುದು ಹುಳು ಈಗಲೂ ಇದೆಯೋ ಎಂದು ತಿಳಿಯಲು: ಇದ್ದರೆ ತಿಳಿಬಣ್ಣದ ಸಣ್ಣ ಹಿಟ್ಟು ಕಾಗದದ ಮೇಲೆ ಬೀಳುತ್ತದೆ.

ಪಾಲಿಶ್ಶಿಗೂ ಒಂದು ಸಾಲು ಬೇಕು. ಒಳ ಅಂಚಿನಲ್ಲಿ, ಕಣ್ಣಿಗೆ ಬೀಳದ ಕಡೆ, ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದರೆ ಅರಗಿನ ಹಳೆಯ ಪಾಲಿಶ್ ಕರಗಿ ಹತ್ತಿಗೆ ಅಂಟುತ್ತದೆ. ಈಚಿನ ಪಾಲಿಯುರೆಥೇನ್ ಕರಗುವುದಿಲ್ಲ. ಮನೆಯವರು ಪ್ರೀತಿಯಿಂದ ಉಜ್ಜಿಸಿ ಫಳಫಳ ಹೊಳೆಯುವಂತೆ ಮಾಡಿಸಿದ ಪೆಟ್ಟಿಗೆಗೆ ಬೆಲೆ ಕಡಿಮೆಯಾಗುವುದು ಇಲ್ಲಿ.

ಟಿಪ್ಪಣಿಯ ಪ್ರತಿ ಸಾಲಿಗೂ ಒಂದು ಫೋಟೋ, ಫೋಟೋದಲ್ಲಿ ಅಳತೆಪಟ್ಟಿ. ಮುಂಭಾಗದ ಚಂದದ ಫೋಟೋ ಒಂದೇ ಸಾಲದು. ತಳ, ಹಿಂಬದಿ, ಮುಚ್ಚಳದ ಒಳಮೈ, ಮುರಿದ ಕೊಕ್ಕು ಇವೇ ಮುಖ್ಯ. ಕೆತ್ತನೆ ಹೋಲುವ ಪೆಟ್ಟಿಗೆ ಇನ್ನೊಂದು ಸಿಕ್ಕೀತು, 31 ಸೆಂ.ಮೀ. ಸೀಳೂ ಮುರಿದ ಕೊಕ್ಕೂ ಒಟ್ಟಿಗೇ ಇರುವುದು ಇದೊಂದರಲ್ಲೇ. ಕಳುವಾದರೆ ಪೊಲೀಸರಿಗೆ ಗುರುತು ಹೇಳುವುದೂ ಇವುಗಳಿಂದಲೇ.

₹2,70,000 ಎಲ್ಲಿಂದ ಬಂತು

ಹಳೆಯ ಪೆಟ್ಟಿಗೆಗೆ ಎಂಆರ್‌ಪಿ ಇಲ್ಲ. ಅಂಥದ್ದೇ ಬೇರೆ ಪೆಟ್ಟಿಗೆಗಳು ಎಷ್ಟಕ್ಕೆ ಹೋದವು ಎಂದು ನೋಡಿ, ವ್ಯತ್ಯಾಸಗಳಿಗೆ ಕೂಡಿ ಕಳೆಯಬೇಕು. ನಮ್ಮ ವರದಿಯಲ್ಲಿ ಮೂರು ಹೋಲಿಕೆಗಳಿವೆ. ಮೊದಲನೆಯದಕ್ಕೆ ವ್ಯಾಪಾರಿ ₹3,25,000 ಹೇಳಿದ್ದಾರೆ, ಚೌಕಾಸಿ ಮಾಡಿದರೆ ₹2,90,000ಕ್ಕೆ ಬರುತ್ತದೆ. ಅದರ ಬಿಜಾಗರಿಗಳು ಮೊದಲಿನವೇ, ಮುಚ್ಚಳ ಸೀಳಿಲ್ಲ. ಅದಕ್ಕೆ ₹20,000 ಕಳೆದರೆ ₹2,70,000. ಎರಡನೆಯದು ಹರಾಜಿನಲ್ಲಿ ಹೋದದ್ದು. ಕೂಗು ನಿಂತ ಬೆಲೆಗೆ ಹರಾಜು ಸಂಸ್ಥೆಯ ಕಮಿಷನ್, ತೆರಿಗೆ ಸೇರಿಸಿ ಕೊಂಡವರು ಕೊಟ್ಟದ್ದು ₹2,10,000. ಅದರ ಮುಂಭಾಗ ಸಾದಾ. ನಮ್ಮದರ ಕೆತ್ತನೆಗೆ ₹40,000 ಕೂಡಿಸಿದರೆ ₹2,50,000. ಮೂರನೆಯದು ₹2,60,000ಕ್ಕೆ ಮಾರಾಟವಾಗಿದೆ, ಆದರೆ ಮುಚ್ಚಳ ಬದಲಾಗಿತ್ತು. ನಮ್ಮದರ ಮುಚ್ಚಳ ಮೊದಲಿನದೇ ಆದ್ದರಿಂದ ₹25,000 ಕೂಡಿಸಿ ₹2,85,000.

ಎರಡೂವರೆ ಲಕ್ಷದಿಂದ ₹2,85,000ದ ನಡುವೆ ಬೆಲೆ ನಿಂತಿತು. ಮೊದಲನೆಯದು ಗಾತ್ರ, ಕೆತ್ತನೆ, ಕಾಲ ಮೂರರಲ್ಲೂ ಹತ್ತಿರವಾದ್ದರಿಂದ ಮೌಲ್ಯಮಾಪಕರು ₹2,70,000 ಆರಿಸಿದರು ಮತ್ತು ಆ ಕಾರಣವನ್ನು ಬರೆದರು. ಕೂಡಿ ಕಳೆಯುವ ಇಪ್ಪತ್ತು, ನಲವತ್ತು ಸಾವಿರಗಳು ಅನುಭವದ ಅಂದಾಜುಗಳೇ. ಇನ್ನೊಬ್ಬರು ಹತ್ತು ಸಾವಿರ ಆಚೀಚೆ ಹೇಳಬಹುದು. ಆದರೆ ದಾರಿ ಕಾಗದದ ಮೇಲಿರುವುದರಿಂದ ವಾದ ಮಾಡುವವರು ಯಾವ ಹೆಜ್ಜೆ ತಪ್ಪೆಂದು ತೋರಿಸಬೇಕಾಗುತ್ತದೆ. ಅಂಗಡಿಯ ಒಂದು ಸಾಲಿನ ಚೀಟಿಗೆ ಈ ಬಲವಿಲ್ಲ.

ಕ್ಲೇಮ್ ದಿನ

ಈಗ ಮಳೆಗಾಲದ ನೆರೆ ಬಂದು ಮನೆಯೊಳಗೆ ನೀರು ನುಗ್ಗಿತು ಎಂದುಕೊಳ್ಳಿ. ನೀರಿಳಿದ ಮೇಲೆ ನೋಡಿದರೆ ತಳದ ಹಲಗೆ ಉಬ್ಬಿ ಬಿಟ್ಟುಕೊಂಡಿದೆ, ಕಾಲುಗಳು ಸಡಿಲವಾಗಿವೆ, ಮುಂಭಾಗದ ಕೆಳಗಿನ ಪಾಲಿಶ್ ಬೆಳ್ಳಗಾಗಿದೆ. ಸರ್ವೇಯರ್ ವರದಿ ತೆರೆದು ತಳದ ಫೋಟೋ ನೋಡುತ್ತಾರೆ: ಏಪ್ರಿಲ್‌ನಲ್ಲಿ ತಳ ಸಪಾಟಾಗಿತ್ತು. ಅದು ನೆರೆಯ ಹಾನಿ, ದುರಸ್ತಿ ವೆಚ್ಚ ಸಿಗುತ್ತದೆ. ಮುಚ್ಚಳದ ಸೀಳು ಮೊದಲೇ ಇತ್ತು, ಅದು ಸಿಗುವುದಿಲ್ಲ. ಟಿಪ್ಪಣಿ ಇಲ್ಲದಿದ್ದರೆ ಎರಡೂ ಒಂದೇ ಗುಂಪಿಗೆ ಸೇರಿ, ‘ಎಲ್ಲ ಹಳೆಯದೇ’ ಎಂಬ ವಾದಕ್ಕೆ ದಾರಿಯಾಗುತ್ತಿತ್ತು.

ಇಲ್ಲೇ ಪಾಲಿಸಿಯ ಮಿತಿಗಳೂ ಎದುರಾಗುತ್ತವೆ. ದುರಸ್ತಿಯಾದ ಪೆಟ್ಟಿಗೆಗೆ ಮಾರುಕಟ್ಟೆಯಲ್ಲಿ ಮೊದಲಿನ ಬೆಲೆ ಬರುವುದಿಲ್ಲ. ಆ ಇಳಿಕೆಯನ್ನು ಭಾರತ್ ಗೃಹ ರಕ್ಷಾ ತುಂಬಿಕೊಡುವುದಿಲ್ಲ. ಪಾಲಿಸಿ ಒಳಗೊಳ್ಳುವುದು ಬೆಂಕಿ, ಸಿಡಿಲು, ನೆರೆ, ಭೂಕುಸಿತ, ಗಲಭೆಯಂಥ ಹೆಸರಿಸಿದ ಅಪಾಯಗಳನ್ನು. ಆ ಪಟ್ಟಿಯಲ್ಲಿ ಕುಟ್ಟೆಯೂ ಗೆದ್ದಲೂ ಇಲ್ಲ. ಇನ್ನು ಕಳವು: ಪಟ್ಟಿಯಲ್ಲಿರುವ ಅವಘಡ ನಡೆದು, ಅದರಿಂದಾಗಿ ಏಳು ದಿನದೊಳಗೆ ಆದ ಕಳವಿಗೆ ಮಾತ್ರ ರಕ್ಷಣೆ. ಊರಿಗೆ ಹೋದಾಗ ಬಾಗಿಲು ಮುರಿದು ಎತ್ತಿಕೊಂಡು ಹೋದರೆ ಅದಕ್ಕೆ ಕನ್ನಗಳವಿನ ವಿಮೆಯನ್ನು ಬೇರೆಯಾಗಿ ಮಾಡಿಸಿರಬೇಕು.

‘ನೂರು ವರ್ಷ’ ಎಂದು ಬರೆಯುವ ಮುನ್ನ

ವಯಸ್ಸು ಹೆಚ್ಚೆಂದು ಬರೆದರೆ ಬೆಲೆ ಏರುತ್ತದೆ ಎಂದು ಮನೆಯವರು ಆಸೆಪಡುವುದು ಸಹಜ. ಆದರೆ 1972ರ ಪುರಾತನ ವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕುಶಲಕಲೆಯ ವಸ್ತು ‘ಪುರಾತನ ವಸ್ತು’ ಆಗುತ್ತದೆ; ಅದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಅಮೆರಿಕದಲ್ಲಿರುವ ಮಗಳ ಮನೆಗೆ ಅಜ್ಜಿಯ ಪೆಟ್ಟಿಗೆ ಕಳಿಸಬೇಕೆಂದಿರುವವರಿಗೆ ವರದಿಯ ಈ ಒಂದು ಸಾಲೇ ಅಡ್ಡ ನಿಲ್ಲಬಹುದು. ಪೆಟ್ಟಿಗೆ ನೂರು ವರ್ಷದೊಳಗಿನದಾದರೂ ಕೆಲಸ ಮುಗಿಯಲಿಲ್ಲ. ಬೀಟೆ ಸೇರಿದಂತೆ ಡಾಲ್ಬರ್ಜಿಯಾ ಕುಲದ ಮರಗಳು 2017ರ ಜನವರಿ 2ರಿಂದ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ನಿಯಂತ್ರಣದಲ್ಲಿವೆ. 10 ಕಿಲೋವರೆಗಿನ ಮರ ಇರುವ ಸಿದ್ಧವಸ್ತುಗಳಿಗೆ 2019ರಲ್ಲಿ ವಿನಾಯಿತಿ ಬಂತು. 59 ಕಿಲೋ ತೂಗುವ ಪೆಟ್ಟಿಗೆಗೆ ಅದು ಅನ್ವಯಿಸುವುದಿಲ್ಲ, ದಾಖಲೆಪತ್ರ ಬೇಕೇ ಬೇಕು. ಹಾಗಾಗಿ ವಯಸ್ಸಿನ ಸಾಲಿನಲ್ಲಿ ಇರಬೇಕಾದದ್ದು ಆಸೆಯೂ ಅಲ್ಲ, ಅಂಜಿಕೆಯೂ ಅಲ್ಲ. ತಿರುಪು, ಕೀಲು, ಸವೆತ ತೋರಿಸಿದಷ್ಟು ಮಾತ್ರ.

ಸಹಿಗೆ ಮುಂಚೆ ನೋಡಬೇಕಾದದ್ದು ಇನ್ನೆರಡಿವೆ. ಮೌಲ್ಯಮಾಪಕರ ಶುಲ್ಕ ಪೆಟ್ಟಿಗೆಯ ಬೆಲೆಯ ಇಂತಿಷ್ಟು ಪಾಲು ಎಂದಿರಬಾರದು. ಹಾಗಿದ್ದರೆ ಬೆಲೆ ಏರಿಸಿದಷ್ಟೂ ಅವರಿಗೇ ಲಾಭ. ಪೆಟ್ಟಿಗೆಯನ್ನು ತಾವೇ ಕೊಳ್ಳುವ ಇರಾದೆ ಅವರಿಗಿರಬಾರದು, ಇಲ್ಲ ಎಂದು ವರದಿಯಲ್ಲಿ ಬರೆದಿರಬೇಕು. ಒಪ್ಪಿದ ಮೊತ್ತ ಹಳತಾಗದಂತೆ ಮೂರು ನಾಲ್ಕು ವರ್ಷಕ್ಕೊಮ್ಮೆ ಬೆಲೆ ಪರಿಷ್ಕರಿಸಿಕೊಳ್ಳುವುದು ಒಳ್ಳೆಯದು. ದುರಸ್ತಿ ಮಾಡಿಸಿದರೆ ಅಷ್ಟು ದಿನ ಕಾಯದೆ ಸ್ಥಿತಿಯ ಟಿಪ್ಪಣಿಯನ್ನು ಹೊಸದಾಗಿ ಬರೆಸಬೇಕು. ಮತ್ತು ವರದಿಯ ಒಂದು ಪ್ರತಿ ಆ ಮನೆಯಿಂದ ಹೊರಗೆ, ನೆಂಟರ ಬಳಿಯೋ ಇಮೇಲಿನಲ್ಲೋ ಇರಲಿ. ಮುಖ್ಯ ಕಾಗದವೆಂದು ಅದನ್ನು ಜೋಪಾನವಾಗಿ ಬೀಟೆ ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕುವವರು ಬಹಳ ಮಂದಿ.